ನೆಟೆ ಹತ್ತಿದ ಹೊಲಕ್ಕೆ ತೊಗರಿ ಮರಳಿದ ಬಗೆ

2015ರಲ್ಲಿ ತೊಗರಿ ಬೇಳೆಯ ದರ ಕಿಲೋಗೆ ಇನ್ನೂರು ರೂಪಾಯಿಯ ಆಸುಪಾಸಿಗೆ ಏರಿದ್ದನ್ನು ನೋಡಿ, ಕಲಬುರಗಿ ಕಡೆಯ ಅನೇಕ ರೈತರಂತೆ ನಾನೂ ಮರುವರ್ಷ ಎಂಟು ಎಕರೆಗೂ ತೊಗರಿಯನ್ನೇ ಬಿತ್ತಿದೆ. ಹುಣಸೆ ಮರದ ಹೊಲದಲ್ಲಿ ಅದಕ್ಕೂ ಹಿಂದಿನ ಮೂರು ವರ್ಷ ತೊಗರಿಯೇ ಇತ್ತು. ನವೆಂಬರಿನಲ್ಲಿ ಹೂವು ಕಾಯಿಗೆ ತಿರುಗುವ ಹೊತ್ತಿಗೆ ಅಲ್ಲಿ ಗಿಡಗಳು ಗುಂಪು ಗುಂಪಾಗಿ ಬಾಡತೊಡಗಿದವು. ಕೆಲವು ಗಿಡಗಳ ಒಂದು ಮಗ್ಗುಲು ಒಣಗಿ, ಇನ್ನೊಂದು ಮಗ್ಗುಲು ಹಸಿರಾಗಿಯೇ ಇತ್ತು. ಭೂಮಿಯಲ್ಲಿ ತೇವ ಸಾಲದಾಗಿದೆ ಎಂದುಕೊಂಡೆ. ಅಪ್ಪ ಒಂದು ಗಿಡ ಕಿತ್ತು, ಕುಡುಗೋಲಿನಿಂದ ಬುಡದ ತೊಗಟೆ ಸುಲಿದು ತೋರಿಸಿದರು. ಒಳಗಿನ ಬಿಳಿ ಕಟ್ಟಿಗೆಯ ಮೇಲೆ ಬೇರಿನಿಂದ ಮೇಲಕ್ಕೆ ಕಪ್ಪು ಗೆರೆ ಹತ್ತಿತ್ತು. ಹೊರಗೆ ನೆಲದಿಂದ ಗೇಣುದ್ದ ನೇರಳೆ ಪಟ್ಟಿಯಿತ್ತು. "ಇದು ನೀರಿನ ಕೊರತೆಯಲ್ಲ, ನೆಟೆ ರೋಗ" ಎಂದರು. ಆ ಹೊಲದಲ್ಲಿ ಅರ್ಧ ಬೆಳೆಯೂ ಕೈಗೆ ಬರಲಿಲ್ಲ. ಉಳಿದ ಹೊಲಗಳಲ್ಲಿ ಬಂದದ್ದನ್ನು ಮಾರಲು ಹೋದಾಗ ದರ ಬೆಂಬಲ ಬೆಲೆಗಿಂತ ಕೆಳಗಿತ್ತು.

ನೆಟೆ ರೋಗದ ಶಿಲೀಂಧ್ರ ತೊಗರಿಯ ಕೂಳೆ ಮತ್ತು ಬೇರಿನ ಚೂರುಗಳಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ಮತ್ತೆ ತೊಗರಿ ಸಿಕ್ಕಿತೆಂದರೆ ಅದರ ಬೇರಿನಿಂದಲೇ ಒಳಗೆ ಹೊಗುತ್ತದೆ. ಜೋಳದ ಮೇಲೆ ಅದು ಬೆಳೆಯುವುದಿಲ್ಲ. ಹೀಗಾಗಿ ನಾನು ಮಾಡಬೇಕಾದದ್ದು ಸ್ಪಷ್ಟವಿತ್ತು: ಎರಡೆರಡು ಎಕರೆಯ ನಾಲ್ಕು ಹೊಲಗಳಲ್ಲಿ ವರ್ಷಕ್ಕೆ ಒಂದರಲ್ಲಿ ಮಾತ್ರ ತೊಗರಿ, ಅದೇ ಹೊಲಕ್ಕೆ ಮತ್ತೆ ತೊಗರಿ ಬರುವುದು ನಾಲ್ಕು ವರ್ಷಕ್ಕೊಮ್ಮೆ. ರೋಗ ಕಾಣದ ದಾರಿ ಹೊಲದಲ್ಲಿ 2017ರಲ್ಲಿ ತೊಗರಿ ಬಿತ್ತಿ ಸರದಿ ಶುರು ಮಾಡಿದೆ. ಹುಣಸೆ ಮರದ ಹೊಲವನ್ನು ಕೊನೆಗೆ, ಅಂದರೆ 2020ಕ್ಕೆ ಇಟ್ಟುಕೊಂಡೆ.

ಅದಕ್ಕೂ ಮೊದಲು ಆ ಹೊಲದ ತೊಗರಿ ಬುಡಗಳನ್ನೆಲ್ಲ ಬೇರುಸಮೇತ ಕೀಳಿಸಿ ಒಲೆಗೆ ಹಾಕಿದೆವು. ಇದು ಬಹಳ ಕೂಲಿ ತಿನ್ನುವ ಕೆಲಸ, ಆದರೂ ಬಿಡಬಾರದು. ಕೂಳೆಯನ್ನು ಹೊಲದಲ್ಲೇ ಬಿಟ್ಟು ಬೆಳೆ ಬದಲಿಸಿದರೆ ರೋಗಕ್ಕೆ ಮನೆ ಕಟ್ಟಿಕೊಟ್ಟಂತೆ.

ಆ ಹೊಲದಲ್ಲಿ 2017ರ ಹಿಂಗಾರಿಗೆ ಬಿಳಿ ಜೋಳ, ಮರುವರ್ಷ ಕಡಲೆ, 2019ರ ಮುಂಗಾರಿಗೆ ಹೆಸರು, ಅದು ಬಂದ ಮೇಲೆ ಮತ್ತೆ ಜೋಳ. ಜೋಳ ಯಾವಾಗಲೂ ದ್ವಿದಳದ ಬೆನ್ನಿಗೇ ಬರುವಂತೆ ಈ ಸಾಲು ಹಾಕಿಕೊಂಡಿದ್ದೇನೆ. ಆದರೆ ದ್ವಿದಳ ಬೆಳೆದ ಮಾತ್ರಕ್ಕೆ ಭೂಮಿಗೆ ಸಾರಜನಕ ಸೇರುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರ ದೊಡ್ಡ ಪಾಲು ಕಾಳಿನೊಂದಿಗೆ ಹೊಲ ಬಿಟ್ಟು ಹೋಗುತ್ತದೆ. ಹೆಸರನ್ನು ಬೇರುಸಮೇತ ಕಿತ್ತು ಕಣಕ್ಕೆ ಸಾಗಿಸಿದರೆ ಉಳಿಯುವುದು ಅಷ್ಟಕ್ಕಷ್ಟೇ. ಆದ್ದರಿಂದ ನಾವು ಎರಡು ಬಾರಿ ಕಾಯಿ ಬಿಡಿಸಿಕೊಂಡು, ಹಸಿರಿರುವಾಗಲೇ ಗಿಡವನ್ನು ಮಣ್ಣಿಗೆ ಮಗುಚುತ್ತೇವೆ. ಹೂವು ಬಿಡುವ ಹೊತ್ತಿಗೆ ನಾಲ್ಕಾರು ಗಿಡಗಳನ್ನು ಮಣ್ಣುಸಮೇತ ಅಗೆದು, ಬೇರಿನ ಗಂಟುಗಳನ್ನು ಉಗುರಿನಿಂದ ಸೀಳಿ ನೋಡುತ್ತೇನೆ. ಒಳಗೆ ನಸುಗೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ, ಮುಂದಿನ ಜೋಳಕ್ಕೆ ಯೂರಿಯಾ ಕಡಿಮೆ ಮಾಡುತ್ತೇನೆ. ಬೂದು ಅಥವಾ ಹಸಿರು ಬಣ್ಣವಿದ್ದರೆ ಕಡಿಮೆ ಮಾಡುವುದಿಲ್ಲ.

ಸರದಿಯಿಂದ ಎಲ್ಲವೂ ಸರಿಹೋಗಲಿಲ್ಲ. ಕಾಯಿಕೊರಕದ ಚಿಟ್ಟೆ ಹಾರಿ ಬರುವಂಥದ್ದು. ತೊಗರಿಯನ್ನು ತಿಂದು ಕಡಲೆಗೂ ದಾಟುತ್ತದೆ, ನನ್ನ ಬದುವಿನಾಚೆ ಹತ್ತಿ ಇದ್ದರೆ ಅಲ್ಲಿಂದಲೂ ಬರುತ್ತದೆ. ಎರಡೆಕರೆಯ ಸರದಿ ಅದಕ್ಕೆ ಲೆಕ್ಕಕ್ಕಿಲ್ಲ. ಅದನ್ನು ಈಗಲೂ ಮೋಹಕ ಬಲೆ ಕಟ್ಟಿ, ಗಿಡ ಅಲ್ಲಾಡಿಸಿ ಕೀಡೆ ಎಣಿಸಿಯೇ ನಿಭಾಯಿಸುತ್ತೇವೆ. ಕಡಲೆಯ ಒಣ ಬೇರುಕೊಳೆ ತರುವ ಶಿಲೀಂಧ್ರವೇ ಜೋಳದಲ್ಲಿ ಕಾಂಡ ಕಪ್ಪಾಗಿ ಕೊಳೆಯುವ ರೋಗವನ್ನೂ ತರುತ್ತದೆ, ಆದ್ದರಿಂದ ಜೋಳ ಕಡಲೆಗಳ ಅದಲುಬದಲಿನಿಂದ ಅದು ಸಾಯುವುದಿಲ್ಲ. 2018ರಲ್ಲಿ ಹಿಂಗಾರು ಮಳೆ ಕೈಕೊಟ್ಟು ಕಡಲೆ ಬೆಳೆ ಬಡವಾಯಿತು.

2020ರಲ್ಲಿ ಹುಣಸೆ ಮರದ ಹೊಲಕ್ಕೆ ತೊಗರಿ ಮರಳಿತು. ನೆಟೆ ತಡೆಯುವ ಟಿಎಸ್-3ಆರ್ ತಳಿಯ ಬೀಜವನ್ನು ಕಿಲೋಗೆ ನಾಲ್ಕು ಗ್ರಾಂ ಟ್ರೈಕೋಡರ್ಮಾದಿಂದ ಉಪಚರಿಸಿ ಬಿತ್ತಿದೆ. ಅಕ್ಟೋಬರಿನ ಭಾರಿ ಮಳೆಗೆ ತಗ್ಗಿನಲ್ಲಿ ನೀರು ನಿಂತು, ವಾರದಲ್ಲಿ ಅಲ್ಲಿನ ಗಿಡಗಳು ಬಾಡಿದವು. ಎದೆ ಝಲ್ಲೆಂದಿತು. ಈ ಸಲ ಕುಡುಗೋಲು ನಾನೇ ಹಿಡಿದೆ. ಹತ್ತು ಗಿಡಗಳ ತೊಗಟೆ ಸುಲಿದೆ. ಬೇರು ಕೊಳೆತು ನಾರುತ್ತಿತ್ತು, ಆದರೆ ಒಂಬತ್ತರಲ್ಲಿ ಕಟ್ಟಿಗೆ ಬೆಳ್ಳಗೇ ಇತ್ತು. ಕಪ್ಪು ಗೆರೆ ಸಿಕ್ಕಿದ್ದು ಒಂದರಲ್ಲಿ. ಆ ಗಿಡವನ್ನೂ ಅದರ ಸುತ್ತಲಿನವನ್ನೂ ಕಿತ್ತು ಸುಟ್ಟೆ. ತಗ್ಗಿನಿಂದ ನೀರು ಹೊರಹೋಗಲು ಬಸಿಗಾಲುವೆ ತೆಗೆಸಿ, ಸುಗ್ಗಿಯಾದ ಮೇಲೆ ಮೊದಲಿನ ಸರದಿಯಂತೆಯೇ ಜೋಳಕ್ಕೆ ಬಿಟ್ಟೆ.