ಪ್ರಾಜೆಕ್ಟ್ ಮೇಲೆ ಬಂತು, ರೆಸ್ಯೂಮ್ ಒಂದೇ ಪುಟಕ್ಕೆ ಇಳಿಯಿತು

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿದ ಹೊಸದರಲ್ಲಿ ಹುಬ್ಬಳ್ಳಿಯ ವಿದ್ಯಾನಗರದ ಡಿಟಿಪಿ ಅಂಗಡಿಯೊಂದರಲ್ಲಿ 300 ರೂಪಾಯಿ ಕೊಟ್ಟು ಎರಡು ಪುಟದ ಬಣ್ಣದ ರೆಸ್ಯೂಮ್ ಮಾಡಿಸಿದ್ದೆ. ಎಡಗಡೆಯ ಪಟ್ಟಿಯಲ್ಲಿ ಫೋಟೊ ಮತ್ತು ಕೌಶಲಗಳು, ಬಲಗಡೆ ‘ಗುರಿ’ ಎಂಬ ನಾಲ್ಕು ಸಾಲು, ಕೊನೆಯಲ್ಲಿ ತಂದೆಯ ಹೆಸರು, ಹವ್ಯಾಸ, ಘೋಷಣೆ. ಸುಮಾರು 60 ಕಡೆ ಕಳಿಸಿದ್ದಕ್ಕೆ ಬಂದ ಕರೆಗಳು ಎರಡು. ಅದರಲ್ಲೊಂದು ತರಬೇತಿಯ ಹೆಸರಿನಲ್ಲಿ ಠೇವಣಿ ಕೇಳಿದ್ದು.

ಒಂದು ದಿನ ಆ ಪಿಡಿಎಫ್‌ನ ಅಕ್ಷರಗಳನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದಾಗ ಕಾರಣ ಸ್ವಲ್ಪ ಹೊಳೆಯಿತು. ಎರಡು ಕಾಲಂಗಳು ಒಂದರೊಳಗೊಂದು ಬೆರೆತು, ನನ್ನ ಫೋನ್ ನಂಬರು ಪ್ರಾಜೆಕ್ಟಿನ ವಿವರಣೆಯ ನಡುವೆ ಹೋಗಿ ಕುಳಿತಿತ್ತು. ರೆಸ್ಯೂಮನ್ನು ಮೊದಲು ತಂತ್ರಾಂಶ ಓದುವ ಕಡೆಗಳಲ್ಲಿ ಹೀಗೆ ಕಲಸಿಹೋಗುವ ಸಾಧ್ಯತೆ ಇದ್ದೇ ಇದೆ.

ಬಣ್ಣ, ಫೋಟೊ, ಗುರಿ, ಘೋಷಣೆ ಎಲ್ಲವನ್ನೂ ಕಿತ್ತು ಒಂದೇ ಕಾಲಂ ಮಾಡಿದೆ. ಹೆಸರು ಮತ್ತು ಸಂಪರ್ಕ ಎರಡು ಸಾಲು, ಪದವಿ ಮತ್ತು ಸಿಜಿಪಿಎ ಒಂದು ಸಾಲು, ಆಮೇಲೆ ಅರ್ಧ ಪುಟಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳೇ. ಕೌಶಲಗಳು ಅವುಗಳ ಕೆಳಗೆ. ನಮ್ಮ ದೊಡ್ಡಪ್ಪನ ಮಗ ಇದನ್ನು ನೋಡಿ, “ಅನುಭವನ ಇಲ್ಲ, ಒಂದ ಪುಟದಾಗ ಏನ್ ತೋರಸ್ತಿ ತಮ್ಮಾ?” ಎಂದು ನಕ್ಕಿದ್ದ. 7.1 ಇದ್ದ ಸಿಜಿಪಿಎಯನ್ನು ಬಿಟ್ಟು ಹತ್ತು ಕಡೆ ಕಳಿಸಿಯೂ ನೋಡಿದೆ. ಬಂದ ಒಂದೇ ಕರೆಯಲ್ಲಿ ಮೊದಲ ಪ್ರಶ್ನೆಯೇ ಅದಾಗಿದ್ದರಿಂದ ಮತ್ತೆ ಸೇರಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಪ್ರಾಜೆಕ್ಟಿನ ಸಾಲುಗಳೇ. ಹಾವೇರಿ ಕಡೆಯ ಮೆಣಸಿನಕಾಯಿ ಹೊಲಕ್ಕೆಂದು ನಾವು ನಾಲ್ವರು ಮಾಡಿದ ಮಣ್ಣಿನ ತೇವಾಂಶದ ಸಾಧನವನ್ನು ಮೊದಲು ‘ಐಒಟಿ ಆಧಾರಿತ ಸ್ಮಾರ್ಟ್ ಕೃಷಿ ವ್ಯವಸ್ಥೆ’ ಎಂದಷ್ಟೇ ಬರೆದಿದ್ದೆ. ಅಂಥ ಹೆಸರು ನಮ್ಮ ಬ್ಯಾಚಿನಲ್ಲೇ ಐದಾರು ತಂಡಗಳಿಗಿತ್ತು. ಅದರಲ್ಲಿ ನನ್ನ ಕೈಕೆಲಸ ಯಾವುದೆಂದು ಕೇಳಿಕೊಂಡು ಹೀಗೆ ತಿದ್ದಿದೆ: ‘ನಾಲ್ವರ ತಂಡದಲ್ಲಿ ವಿದ್ಯುತ್ ಭಾಗ ನನ್ನದು, ESP32 ಬೋರ್ಡನ್ನು 15 ನಿಮಿಷಕ್ಕೊಮ್ಮೆ ಮಾತ್ರ ಎಚ್ಚರಗೊಳಿಸಿ, ಒಂದು ದಿನ ಬರುತ್ತಿದ್ದ ಬ್ಯಾಟರಿಯನ್ನು 11 ದಿನಕ್ಕೆ ಎಳೆದೆ.’ ಇಂಗ್ಲಿಷಿನಲ್ಲಿ ಇದು ಎರಡೇ ಸಾಲು. ಅಳತೆ ಇಲ್ಲದ ಇನ್ನೊಂದು ಪ್ರಾಜೆಕ್ಟಿಗೆ ಅಂಕಿ ಹುಟ್ಟಿಸಲು ಹೋಗದೆ, ಕೆಟ್ಟದ್ದೇನು, ಸರಿಪಡಿಸಿದ್ದು ಹೇಗೆ ಎಂದಷ್ಟೇ ಬರೆದೆ.

ಹೊಸ ಪುಟ ಸುಮಾರು 25 ಕಡೆ ಹೋಯಿತು, ಆರು ಕರೆಗಳು ಬಂದವು. ಈಗಿನ ಕೆಲಸದ ಸಂದರ್ಶನದಲ್ಲಿ ಎದುರಿಗಿದ್ದವರು ಆ ಸಾಲಿನ ಮೇಲೆ ಬೆರಳಿಟ್ಟು, “ಹನ್ನೊಂದೇ ದಿನ ಯಾಕೆ, ತಿಂಗಳು ಬರಬೇಕಿತ್ತಲ್ಲ?” ಎಂದರು. ಚಿಪ್ ಮಲಗಿದರೂ ಬೋರ್ಡಿನ ಕೆಂಪು ಎಲ್‌ಇಡಿ ಮತ್ತು ರೆಗ್ಯುಲೇಟರ್ ಬ್ಯಾಟರಿಯನ್ನು ಹೀರುತ್ತಲೇ ಇರುತ್ತವೆ, ಅದು ನನಗೆ ತಡವಾಗಿ ತಿಳಿಯಿತು ಎಂದೆ. ಉಳಿದ ಇಪ್ಪತ್ತು ನಿಮಿಷವೂ ಮಾತು ಆ ದೀಪದ ಸುತ್ತಲೇ ನಡೆಯಿತು.