ಅಮ್ಮನ ಮದ್ದಿನ ಡಬ್ಬಿ

ಹೋದ ವರ್ಷ ಅಮ್ಮ ಆಸ್ಪತ್ರೆಯಿಂದ ಉಡುಪಿಯ ಮನೆಗೆ ಬಂದ ಮೇಲೆ ಐದು ದಿನ ಎದ್ದು ನಿಂತರೆ ತಲೆ ತಿರುಗುತ್ತದೆ ಅನ್ನುತ್ತಿದ್ದರು. 83 ವರ್ಷ, ನಿಶ್ಶಕ್ತಿ ಇರಬಹುದು ಅಂದುಕೊಂಡೆ. ಬಿಪಿ ನೋಡಿದರೆ 96/60. ಡ್ರಾಯರ್ ತೆಗೆದಾಗ ವಿಷಯ ಗೊತ್ತಾಯಿತು: ಹಳೆಯ ಬಿಪಿ ಮಾತ್ರೆಯ ಜೊತೆಗೆ ಆಸ್ಪತ್ರೆಯಲ್ಲಿ ಬರೆದುಕೊಟ್ಟದ್ದನ್ನೂ ನುಂಗುತ್ತಿದ್ದರು. ಹೆಸರು ಬೇರೆ, ಬಣ್ಣ ಬೇರೆ. ಆದರೆ ಎರಡು ಸ್ಟ್ರಿಪ್ಪಿನಲ್ಲೂ ಸಣ್ಣಕ್ಷರದಲ್ಲಿ ಇದ್ದದ್ದು ಒಂದೇ, ಟೆಲ್ಮಿಸಾರ್ಟಾನ್ 40. ಡಾಕ್ಟರಿಗೆ ಫೋನ್ ಮಾಡಿದೆ, ಒಂದನ್ನು ನಿಲ್ಲಿಸಿದರು.

ಹಾಗಾಗಿ ಡಬ್ಬಿಗಿಂತ ಮೊದಲು ಪಟ್ಟಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಸ್ಟ್ರಿಪ್ಪಿನ ಮೇಲಿನ ಹೆಸರು, ಅದರ ಕೆಳಗೆ ಒಳಗಿನ ಮದ್ದಿನ ಹೆಸರು, ಯಾಕೆ, ಯಾವಾಗ, ಊಟಕ್ಕೆ ಮೊದಲೋ ನಂತರವೋ. ಅಂಗಡಿಯವರು ಬೇರೆ ಕಂಪೆನಿಯದ್ದು ಕೊಟ್ಟರೂ ಎರಡನೇ ಹೆಸರು ಬದಲಾಗುವುದಿಲ್ಲ.

ಅಮ್ಮನಿಗೆ ತಿಂಡಿಯಾದ ಮೇಲೆ ಮೂರು: ಬಿಪಿಯದ್ದು, ಮೆಟ್‌ಫಾರ್ಮಿನ್, ಆಸ್ಪಿರಿನ್. ಮಧ್ಯಾಹ್ನ ಗಂಜಿ ಊಟದ ನಂತರ ಕ್ಯಾಲ್ಸಿಯಂ. ರಾತ್ರಿ ಮೆಟ್‌ಫಾರ್ಮಿನ್ ಮತ್ತು ಕೊಲೆಸ್ಟರಾಲಿನದ್ದು. ಥೈರಾಯ್ಡ್ ಮಾತ್ರೆ ಮಾತ್ರ ಡಬ್ಬಿಗೆ ಹೋಗುವುದಿಲ್ಲ, ಅದರ ಬಾಟಲಿಯಲ್ಲೇ ಮಂಚದ ಪಕ್ಕ ಇರುತ್ತದೆ. ಎದ್ದ ಕೂಡಲೇ ಬರೀ ನೀರಿನಲ್ಲಿ, ಕಾಫಿ ಅರ್ಧದಿಂದ ಒಂದು ಗಂಟೆಯ ನಂತರ. ಕ್ಯಾಲ್ಸಿಯಂ ಅದಕ್ಕಿಂತ ನಾಲ್ಕು ಗಂಟೆಯಾದರೂ ದೂರ ಇರಬೇಕು, ಇಲ್ಲದಿದ್ದರೆ ಥೈರಾಯ್ಡಿನದ್ದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಕಾಫಿಯ ವಿಷಯದಲ್ಲಿ ಅಮ್ಮನ ಜೊತೆ ಈಗಲೂ ಜಗಳ ಉಂಟು!

ಏಳು ದಿನ, ದಿನಕ್ಕೆ ಮೂರು ಕೋಣೆಯ ಡಬ್ಬಿಯನ್ನು ಆದಿತ್ಯವಾರ ಊಟವಾದ ಮೇಲೆ ತುಂಬಿಸುತ್ತೇನೆ, ಟಿವಿ ಆರಿಸಿ. ಒಂದೊಂದು ದಿನವಾಗಿ ಅಲ್ಲ, ಒಂದೊಂದು ಮದ್ದಾಗಿ. ಟೆಲ್ಮಿಸಾರ್ಟಾನ್ ಏಳು ತೆಗೆದು ಏಳು ಬೆಳಗಿನ ಕೋಣೆಗೆ ಹಾಕಿದರೆ ಹತ್ತರ ಸ್ಟ್ರಿಪ್ಪಿನಲ್ಲಿ ಮೂರು ಉಳಿಯಬೇಕು. ನಾಲ್ಕು ಉಳಿದರೆ ಯಾವುದೋ ಕೋಣೆ ತಪ್ಪಿದೆ. ಕೊನೆಗೆ ಪ್ರತಿ ಕೋಣೆಯಲ್ಲಿ ಮೂರು, ಒಂದು, ಎರಡು ಇದೆಯಾ ಅಂತ ಬೆರಳಿಟ್ಟು ಎಣಿಸುತ್ತೇನೆ.

ನಮ್ಮ ಮಳೆಗಾಲದ ತೇವಕ್ಕೆ ಒಂದು ವಾರಕ್ಕಿಂತ ಹೆಚ್ಚು ಬಿಡಿಸಿ ಇಡಬೇಡಿ. ಕೆಲವು ಮಾತ್ರೆ ಒಂದು ವಾರವೂ ತಡೆಯುವುದಿಲ್ಲ, ಮೆತ್ತಗಾಗುತ್ತದೆ. ಯಾವುದು ಅಂತ ಮದ್ದಿನ ಅಂಗಡಿಯಲ್ಲಿ ಕೇಳಿ, ಅದನ್ನು ಸ್ಟ್ರಿಪ್ಪಿನಲ್ಲೇ ಬಿಡಿ. ಸ್ಟ್ರಿಪ್ಪನ್ನು ಕತ್ತರಿಸಿ ತುಂಡಾಗಿ ಡಬ್ಬಿಗೆ ಹಾಕುವ ಅಭ್ಯಾಸ ಬೇಡವೇ ಬೇಡ. ಕಣ್ಣು ಮಂಜಾದವರು ಹೊದಿಕೆ ಸಮೇತ ನುಂಗಿಬಿಡುತ್ತಾರೆ, ಅದರ ಚೂಪು ಮೂಲೆ ಗಂಟಲು ಗೀರುತ್ತದೆ.

ಬುಧವಾರ ರಾತ್ರಿಯ ಕೋಣೆ ಗುರುವಾರ ಬೆಳಿಗ್ಗೆ ತುಂಬಿಯೇ ಇದ್ದರೆ ಎರಡನ್ನೂ ಸೇರಿಸಿ ಕೊಡಬಾರದು. ನಾನು ಪಟ್ಟಿಯ ಮೂಲೆಯಲ್ಲಿ ಗುರುತು ಹಾಕಿ, ಡಾಕ್ಟರ ಹತ್ತಿರ ಹೋಗುವಾಗ ಪಟ್ಟಿಯನ್ನೇ ಕಿತ್ತುಕೊಂಡು ಹೋಗುತ್ತೇನೆ. ಅವರು ಏನಾದರೂ ಬದಲಿಸಿದರೆ ಹೊಸ ಪಟ್ಟಿ, ತಾರೀಕು ಹಾಕಿ. ನಿಲ್ಲಿಸಿದ ಮದ್ದಿನ ಸ್ಟ್ರಿಪ್ ಅವತ್ತೇ ಡ್ರಾಯರಿನಿಂದ ಹೊರಗೆ, "ದುಡ್ಡು ಕೊಟ್ಟದ್ದಲ್ವಾ, ಇರ್ಲಿ" ಅಂತ ಅಮ್ಮ ಎಷ್ಟೇ ಹೇಳಲಿ.