ರಾತ್ರಿ ಉಳಿದ ಪಾಯಸವನ್ನು ಸಕ್ಕರೆ ಕಾಯುತ್ತದಾ?

"ಹಾಲು ಚೆನ್ನಾಗಿ ಕುದ್ದಿದೆ, ಸಕ್ಕರೆ ಬೇರೆ ಇದೆ. ಬೆಳಗಿನ ತನಕ ಏನೂ ಆಗಲ್ಲ ಬಿಡಿ." ಮನೆಯಿಂದಲೇ ಹಬ್ಬದೂಟದ ಆರ್ಡರ್ ಮಾಡಿಕೊಡುವ ನನಗೆ ಈ ಮಾತು ಕೇಳಿ ಕೇಳಿ ರೂಢಿಯಾಗಿದೆ. ನಮ್ಮತ್ತೆಯೂ ಹೀಗೇ ಹೇಳುತ್ತಿದ್ದರು. ಒಂದು ಸಲ ಲೆಕ್ಕ ಹಾಕಿ ತೋರಿಸಿದೆ.

ನಾನು ಎರಡು ಲೀಟರ್ ಹಾಲಿನ ಶಾವಿಗೆ ಪಾಯಸಕ್ಕೆ 300 ಗ್ರಾಂ ಸಕ್ಕರೆ ಹಾಕುತ್ತೇನೆ. ಕುದ್ದು ಇಳಿದ ಮೇಲೂ ಅದರಲ್ಲಿ ಹತ್ತಿರ ಹತ್ತಿರ ಒಂದೂವರೆ ಲೀಟರ್ ನೀರಿರುತ್ತದೆ. ಈಗ ಅಂಗಡಿಯ ಕಂಡೆನ್ಸ್ಡ್ ಮಿಲ್ಕ್ ನೋಡಿ. 100 ಗ್ರಾಂನಲ್ಲಿ ಸಕ್ಕರೆಯೇ 40 ಗ್ರಾಂಗಿಂತ ಜಾಸ್ತಿ, ನೀರು 30 ಗ್ರಾಂ ಕೂಡ ಇಲ್ಲ. ಅಂದರೆ ನೀರಿನ ಒಂದೂವರೆ ಪಟ್ಟು ಸಕ್ಕರೆ. ಅಷ್ಟಿದ್ದರೆ ನೀರನ್ನೆಲ್ಲ ಸಕ್ಕರೆಯೇ ಹಿಡಿದಿಟ್ಟುಕೊಳ್ಳುತ್ತದೆ, ಬ್ಯಾಕ್ಟೀರಿಯಾ ಬೆಳೆಯಲು ನೀರು ಸಿಗುವುದಿಲ್ಲ. ನನ್ನ ಪಾಯಸ ಆ ಮಟ್ಟಕ್ಕೆ ಹೋಗಬೇಕಾದರೆ ಎರಡು ಕೆಜಿಗೂ ಮೀರಿ ಸಕ್ಕರೆ ಸುರಿಯಬೇಕು. ಅದನ್ನು ಯಾರು ತಿಂತಾರೆ? 300 ಗ್ರಾಂ ಸಕ್ಕರೆ ರುಚಿಗೆ ಸಾಕು, ಕಾಯುವುದಕ್ಕೆ ಏನೇನೂ ಸಾಲದು.

"ಶಬರಿಮಲೆ ಅರವಣ ಪಾಯಸ ಕೆಡಲ್ವಲ್ಲ?" ಅಂತ ಅತ್ತೆ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಅದು ಅಕ್ಕಿ, ಬೆಲ್ಲ, ತುಪ್ಪದ್ದು. ಬೆಲ್ಲ ಧಾರಾಳ, ಕಾಯಿಸಿ ಕಾಯಿಸಿ ಗಟ್ಟಿ ಮಾಡಿ ಡಬ್ಬಿಗೆ ತುಂಬುತ್ತಾರೆ. ನಮ್ಮ ಸೌಟಿನಿಂದ ಸುರಿಯುವ ಪಾಯಸಕ್ಕೆ ಆ ಅದೃಷ್ಟ ಇಲ್ಲ. ಕಾಯಿಹಾಲಿನ ಹೆಸರುಬೇಳೆ ಪಾಯಸವೂ ಅಷ್ಟೇ, ಬೆಲ್ಲ ಹಾಕಿದ ಮಾತ್ರಕ್ಕೆ ಬದುಕುವುದಿಲ್ಲ.

ಇನ್ನು ಹಾಲು. ಅದು ಕಾಯುವುದಿರಲಿ, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಊಟ. ಹಸಿ ಹಾಲು ಕೆಟ್ಟರೆ ಹುಳಿ ವಾಸನೆ ಬಂದು ಗೊತ್ತಾಗುತ್ತದೆ, ಅಲ್ವಾ? ಆ ಹುಳಿ ತರುವವು ಕುದಿಯುವಾಗಲೇ ಸಾಯುತ್ತವೆ. ಅಕ್ಕಿ, ಶಾವಿಗೆ, ಹಾಲಿನಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಮಾತ್ರ ಗಟ್ಟಿ ಕವಚದ ಬೀಜಾಣುವಾಗಿ ಕುದಿಯನ್ನೂ ತಡೆದುಕೊಳ್ಳುತ್ತದೆ. ಪಾಯಸ ಉಗುರುಬೆಚ್ಚಗಾದ ಮೇಲೆ ಎದ್ದು ಬೆಳೆಯುತ್ತದೆ, ಪೈಪೋಟಿಗೆ ಬೇರೆ ಯಾರೂ ಇರುವುದಿಲ್ಲ. ಅದರ ಕೆಲವು ತಳಿಗಳು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. "ಬೆಳಿಗ್ಗೆ ಒಂದು ಕುದಿ ಕೊಟ್ಟರೆ ಸರಿಹೋಗುತ್ತೆ" ಅನ್ನುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಒಂದು ಏಪ್ರಿಲ್ ರಾತ್ರಿ ಕುತೂಹಲಕ್ಕೆ ಐದು ಲೀಟರ್ ಪಾಯಸದ ಪಾತ್ರೆಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಮುಚ್ಚಳ ಮುಚ್ಚಿತ್ತು. ಒಂಬತ್ತಕ್ಕೆ 90 ಡಿಗ್ರಿ, ಹನ್ನೆರಡಕ್ಕೆ 54, ಬೆಳಿಗ್ಗೆ ಐದಕ್ಕೆ ಇನ್ನೂ 36. ನಡುರಾತ್ರಿ ಕಳೆದ ಮೇಲೆ ಬೆಳಗಿನವರೆಗೂ ಆ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಬಿಸಿ! ಬೆಳಿಗ್ಗೆ ನೋಡಿದರೆ ಮೇಲೆ ಚೆಂದದ ಕೆನೆ, ಘಮಘಮ ಏಲಕ್ಕಿ. ಕೆಟ್ಟದ್ದರ ಸುಳಿವೇ ಇಲ್ಲ. ಅಷ್ಟನ್ನೂ ಚೆಲ್ಲಿದೆ. ಕೆಲವೊಮ್ಮೆ ಪಾಯಸ ಹುಳಿ ಬರದೆಯೇ ಒಡೆದು ಅಡಿಯಲ್ಲಿ ನೀರು ಬಿಟ್ಟಿರುತ್ತದೆ, ಅಥವಾ ಸೌಟಿಗೆ ಎಳೆ ಎಳೆಯಾಗಿ ಬರುತ್ತದೆ. ಹಾಗಿದ್ದರೆ ಖಂಡಿತ ಬೇಡ. ಹಾಗಿಲ್ಲ ಅಂದಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ.

ಬಡಿಸುವ ತನಕ ನಾನು ಪಾಯಸವನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ 60 ಡಿಗ್ರಿಯ ಮೇಲೇ ಇಡುತ್ತೇನೆ. ಊಟ ಮುಗಿದ ಕೂಡಲೇ ಉಳಿದದ್ದನ್ನು ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಎರಡು ಬೆರಳು ಎತ್ತರ ಬರುವಷ್ಟೇ ಹರಡುತ್ತೇನೆ. ಅದನ್ನು ಐಸ್ ಹಾಕಿದ ನೀರಿನ ಟಬ್ಬಿನಲ್ಲಿ ಕೂರಿಸಿ, ತೊಳೆದ ಸೌಟಿನಿಂದ ಆಗಾಗ ತಿರುವುತ್ತೇನೆ. ಕೆನೆ ಕಟ್ಟಲು ಬಿಡಬಾರದು, ಕಟ್ಟಿದರೆ ಒಳಗಿನ ಬಿಸಿ ಅಲ್ಲೇ ಉಳಿಯುತ್ತದೆ. ಆರಿದ ಮೇಲೆ ಸಣ್ಣ ಡಬ್ಬಿಗಳಲ್ಲಿ ಫ್ರಿಜ್ಜಿಗೆ. ದೊಡ್ಡ ಪಾತ್ರೆಯನ್ನು ಬಿಸಿಬಿಸಿ ಹಾಗೇ ನೂಕಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಪಕ್ಕದ ಮೊಸರಿಗೂ ಬಿಸಿ ತಾಗುತ್ತದೆ. ಫ್ರಿಜ್ಜಿನಲ್ಲಿಟ್ಟದ್ದನ್ನು ಎರಡು ದಿನದೊಳಗೆ ಮುಗಿಸುತ್ತೇವೆ. ಗಟ್ಟಿಯಾಗಿದ್ದರೆ ಬಿಸಿ ಹಾಲು ಬೆರೆಸಿದರೆ ಆಯ್ತು. ಊಟ ಮುಗಿದು ಎರಡು ಗಂಟೆ ಹೊರಗೇ ಕೂತ ಪಾಯಸವನ್ನು ಎತ್ತಿಡುವುದಿಲ್ಲ. ಬಿರುಬೇಸಿಗೆಯಲ್ಲಾದರೆ ಒಂದೇ ಗಂಟೆ.

ಬೆಳಗಿನ ನೈವೇದ್ಯಕ್ಕೆ ಬೇಕು ಅನ್ನುವವರಿಗೆ ರಾತ್ರಿಯೇ ಪಾಯಸ ಮಾಡಿಡುವುದಿಲ್ಲ. ತುಪ್ಪದಲ್ಲಿ ಹುರಿದ ಶಾವಿಗೆ, ಗೋಡಂಬಿ, ದ್ರಾಕ್ಷಿ ಒಂದು ಡಬ್ಬಿಯಲ್ಲಿ, ಸಕ್ಕರೆ ಏಲಕ್ಕಿ ಪುಡಿ ಇನ್ನೊಂದರಲ್ಲಿ ಕಟ್ಟಿಕೊಡುತ್ತೇನೆ. ನೀರಿಲ್ಲದ್ದರಿಂದ ಇವು ಹೊರಗಿದ್ದರೂ ತೊಂದರೆ ಇಲ್ಲ. ಹಾಲು ಅವರ ಫ್ರಿಜ್ಜಿನಲ್ಲೇ ಇರಲಿ. ಎದ್ದು ಹಾಲು ಕುದಿಸಿ ಶಾವಿಗೆ ಬೇಯಿಸಿ, ಕೊನೆಗೆ ಸಕ್ಕರೆ ಹಾಕಿದರೆ ಇಪ್ಪತ್ತು ನಿಮಿಷದ ಕೆಲಸ.